ತಿಳಿದೋ ತಿಳಿಯದೆಯೋ

2025ರ ಜೂನ್ 20, ಶುಕ್ರವಾರ. ಆರು ವರ್ಷ ಕೆಲಸ ಮಾಡಿದ ಆಫೀಸಿನಲ್ಲಿ ನನ್ನ ಕೊನೇ ದಿನ. ನಾಲ್ಕು ಗಂಟೆಗೆ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು ಅಂತ ಐಟಿಯವರು ಹೇಳಿದ್ದರು. ಹನ್ನೊಂದು ಗಂಟೆಗೂ ನನ್ನ ವಿದಾಯದ ಮೇಲ್ ಡ್ರಾಫ್ಟಿನಲ್ಲೇ ಕೂತಿತ್ತು. ಒಂದು ಸಾಲಿನ ಹತ್ತಿರ ಕರ್ಸರ್ ಮಿಣುಕುತ್ತಾ ಇತ್ತು: "ತಿಳಿದೋ ತಿಳಿಯದೆಯೋ ಯಾರಿಗಾದರೂ ನೋವು ಮಾಡಿದ್ದರೆ ಕ್ಷಮಿಸಿ."

ಈ ಸಾಲು ನಿಮಗೂ ಗೊತ್ತು. ಬಿಟ್ಟು ಹೋಗುವವರೆಲ್ಲ ಬರೆಯುತ್ತಾರೆ, ಉಳಿದವರು ಓದದೇನೇ ಥಂಬ್ಸ್ ಅಪ್ ಒತ್ತುತ್ತಾರೆ.

ನಾನಿದ್ದದ್ದು ಪೇರೋಲ್ ಟೀಮಿನಲ್ಲಿ. ಆರುನೂರು ಚಿಲ್ಲರೆ ಜನರ ಸಂಬಳದ ಲೆಕ್ಕ, ನಾವು ನಾಲ್ಕೇ ಜನ. ನಮ್ಮ ತಿಂಗಳು ಕ್ಯಾಲೆಂಡರಿನ ತಿಂಗಳಲ್ಲ. ಏಳನೇ ತಾರೀಕು ಟಿಡಿಎಸ್ ಕಟ್ಟಬೇಕು, ಹದಿನೈದಕ್ಕೆ ಪಿಎಫ್ ಮತ್ತು ಇಎಸ್‌ಐ, ಇಪ್ಪತ್ತಕ್ಕೆ ಪ್ರೊಫೆಷನಲ್ ಟ್ಯಾಕ್ಸ್. ಆಮೇಲೆ ಹಾಜರಿ, ರಜೆ, ಹೊಸಬರು, ಬಿಟ್ಟವರು ಎಲ್ಲಾ ಸೇರಿಸಿ ತಿಂಗಳ ಕೊನೆಗೆ ಸಂಬಳ. ನಾನು ರಾಜೀನಾಮೆ ಕೊಡುವಾಗಲೂ ಈ ತಾರೀಕುಗಳನ್ನೇ ನೋಡಿದ್ದೆ. ಜೂನ್ 15ಕ್ಕೆ ಫಾರ್ಮ್ 16 ಕೊಡುವ ಗಡುವು ಮುಗಿದಿರಬೇಕು, 20ರ ಕೆಲಸವೂ ಮುಗಿದಿರಬೇಕು, ಮುಂದಿನ ಸಂಬಳದ ಗಡಿಬಿಡಿ ಶುರುವಾಗಿರಬಾರದು. ಬಿಟ್ಟು ಹೋಗೋದನ್ನೂ ಪ್ಲಾನ್ ಮಾಡ್ತೀಯಲ್ಲೇ ಅಂತ ಮನೆಯಲ್ಲಿ ನಗುತ್ತಿದ್ದರು.

ಆದರೆ ಮೇಲ್ ಪ್ಲಾನ್ ಪ್ರಕಾರ ಬರಲಿಲ್ಲ. ಅದಕ್ಕೆ ನಾಲ್ಕು ದಿನ ಹಿಡಿಯಿತು.

ಸೋಮವಾರ ರಾತ್ರಿ ಬರೆದದ್ದು ಮೂರು ಪುಟ. "ಈ ಆಫೀಸು ನನಗೆ ಎರಡನೇ ಮನೆ", "ನೀವೆಲ್ಲ ನನ್ನ ಕುಟುಂಬ", "ಈ ನೆನಪುಗಳನ್ನು ಹೃದಯದಲ್ಲಿ ಹೊತ್ತು ಹೋಗುತ್ತಿದ್ದೇನೆ". ಬರೆಯುವಾಗ ಕಣ್ಣಲ್ಲಿ ನೀರೂ ಬಂತು, ಸುಳ್ಳು ಹೇಳೋದಿಲ್ಲ. ಮಾರನೇ ದಿನ ಫೈನಾನ್ಸಿನ ಹಿರಿಯರೊಬ್ಬರಿಗೆ ಓದಲು ಕೊಟ್ಟೆ. ರಿಟೈರ್‌ಮೆಂಟಿಗೆ ಎರಡು ವರ್ಷ ಇರುವವರು. ನಾವೆಲ್ಲ ಸರ್ ಅಂತಲೇ ಕರೆಯುತ್ತೇವೆ. ಕನ್ನಡಕ ಹಣೆಗೇರಿಸಿಕೊಂಡು ಓದಿದರು.

"ಕುಟುಂಬಕ್ಕೆ ಯಾರೂ ಎರಡು ತಿಂಗಳು ನೋಟಿಸ್ ಕೊಡಲ್ಲಮ್ಮ," ಅಂದರು. "ಜೊತೆಗೆ ಕೆಲಸ ಮಾಡಿದೀವಿ. ಅದೇನು ಸಣ್ಣ ಸಂಬಂಧ ಅಲ್ಲ. ಅದನ್ನ ಅದರ ಹೆಸರಲ್ಲೇ ಕರಿ."

ಬುಧವಾರದ ಡ್ರಾಫ್ಟ್ ಬೇರೆ ಥರ ಬಂತು. ಎರಡು ವರ್ಷದ ಹಿಂದೆ ನನಗೆ ಸಿಗಬೇಕಿದ್ದ ಪ್ರಮೋಷನ್ ಬೇರೆಯವರಿಗೆ ಹೋಗಿತ್ತು. ಅದು ಒಳಗೇ ಕುದಿಯುತ್ತಿತ್ತೇನೋ, "ಕೆಲವರ ಶ್ರಮ ಕೆಲವೊಮ್ಮೆ ಕಣ್ಣಿಗೆ ಬೀಳುವುದಿಲ್ಲ" ಅಂತೆಲ್ಲ ನಯವಾಗಿ ಬರೆದಿದ್ದೆ. ರಾತ್ರಿ ಬರೆದಾಗ ಭಾರೀ ಘನತೆಯಿಂದ ಕೂಡಿದೆ ಅನ್ನಿಸಿತ್ತು. ಬೆಳಿಗ್ಗೆ ಓದಿದರೆ ಬರೀ ಚುಚ್ಚು. ಆ ಪ್ರಮೋಷನ್ ಸಿಕ್ಕವರು ನನ್ನ ಎದುರಿನ ಸೀಟಿನಲ್ಲೇ ಕೂರುತ್ತಿದ್ದರು, ನನ್ನ ಮೇಲ್ ಓದಿ ಅವರು ಏನು ಮಾಡಬೇಕಿತ್ತು? ಆ ಮಾತನ್ನು ಎಚ್‌ಆರ್ ಜೊತೆಗಿನ ಎಕ್ಸಿಟ್ ಇಂಟರ್‌ವ್ಯೂನಲ್ಲಿ ಹೇಳಿದೆ, ಅವರು ಬರೆದುಕೊಂಡರು. ಮೇಲ್‌ನಿಂದ ತೆಗೆದೆ.

ತೆಗೆಯುತ್ತಾ ತೆಗೆಯುತ್ತಾ ಕೊನೆಗೆ ಉಳಿದದ್ದು ಏಳು ಸಾಲು. ಅದರಲ್ಲಿ ಒಂದು "ತಿಳಿದೋ ತಿಳಿಯದೆಯೋ". ಗುರುವಾರ ಮಧ್ಯಾಹ್ನ ಅದನ್ನೂ ಸರ್‌ಗೆ ತೋರಿಸಿದೆ.

"ತಿಳಿಯದೆ ಮಾಡಿದ್ದು ನಿನಗೆ ಗೊತ್ತಿರಲ್ಲ, ಸರಿ. ತಿಳಿದು ಮಾಡಿದ್ದು ಏನಾದರೂ ಇದೆಯಾ?" ಅಂತ ಕೇಳಿದರು. "ಇದ್ರೆ ಅದನ್ನ ಸಂಬಂಧಪಟ್ಟವರಿಗೆ ಹೇಳು. ಇಲ್ಲ ಅಂದ್ರೆ ಈ ಸಾಲು ಯಾಕೆ?"

ಇತ್ತು. ಮೂರು ವರ್ಷದಿಂದ ಇತ್ತು.

2022ರ ಆಗಸ್ಟ್. ಆ ವರ್ಷ 30ಕ್ಕೆ ಗೌರಿ, 31ಕ್ಕೆ ಗಣೇಶ. ಹಬ್ಬಕ್ಕೆ ಮುಂಚೆ ಸಂಬಳ ಹಾಕಿಬಿಡೋಣ ಅಂತ 29ನೇ ತಾರೀಕು ಸೋಮವಾರಕ್ಕೆ ಎಲ್ಲ ತಯಾರು ಮಾಡಿದ್ದೆವು. ಸಂಬಳ ಹೋಗುವುದು ಹೇಗೆ ಅಂತ ಒಂದೆರಡು ಮಾತು ಹೇಳಬೇಕು. ನಮ್ಮ ಪೇರೋಲ್ ಸಾಫ್ಟ್‌ವೇರ್ ಒಂದು ಸಿಎಸ್‌ವಿ ಫೈಲ್ ಕೊಡುತ್ತದೆ: ಹೆಸರು, ಖಾತೆ ನಂಬರ್, ಐಎಫ್‌ಎಸ್‌ಸಿ, ಮೊತ್ತ. ಅದನ್ನು ನಮ್ಮಲ್ಲಿ ಒಬ್ಬರು ಬ್ಯಾಂಕಿನ ಪೋರ್ಟಲ್‌ಗೆ ಹಾಕುತ್ತಾರೆ, ಅವರು ಮೇಕರ್. ಫೈನಾನ್ಸಿನಲ್ಲಿ ಇನ್ನೊಬ್ಬರು ಒಟ್ಟು ಮೊತ್ತ, ಒಟ್ಟು ಜನ ಎಷ್ಟು ಅಂತ ತಾಳೆ ನೋಡಿ ಒಪ್ಪುತ್ತಾರೆ, ಅವರು ಚೆಕರ್. ಆ ತಿಂಗಳು ಮೇಕರ್ ನಮ್ಮ ಟೀಮಿಗೆ ಬಂದು ಎಂಟು ತಿಂಗಳಾಗಿದ್ದ ಹಾಸನದ ಕಡೆಯ ಹುಡುಗ. ಚೆಕರ್ ಇದೇ ಸರ್.

ಫೈಲನ್ನು ಅವನಿಗೆ ಕೊಡುವ ಮೊದಲು ನಾನು ಒಮ್ಮೆ ಎಕ್ಸೆಲ್‌ನಲ್ಲಿ ತೆರೆದೆ. ಟೋಟಲ್ ಸರಿಯಾಗಿದೆಯಾ ಅಂತ ನೋಡುವ ಆಸೆ, ಅಷ್ಟೆ. ಸರಿಯಾಗಿತ್ತು. ಮುಚ್ಚುವಾಗ ಸೇವ್ ಮಾಡಲಾ ಅಂತ ಕೇಳಿತು, ಅಭ್ಯಾಸಬಲದಿಂದ ಎಸ್ ಒತ್ತಿದೆ. ಆಗಿದ್ದು ಅಷ್ಟೇ.

ಎಕ್ಸೆಲ್‌ಗೆ ಖಾತೆ ನಂಬರ್ ಅಂದರೆ ಏನು ಅಂತ ಗೊತ್ತಿಲ್ಲ. ಬರೀ ಅಂಕಿ ಕಂಡರೆ ಅದೊಂದು ಸಂಖ್ಯೆ ಅಂತಲೇ ಅಂದುಕೊಳ್ಳುತ್ತದೆ. ಸಂಖ್ಯೆಯ ಮುಂದಿನ ಸೊನ್ನೆಗೆ ಬೆಲೆ ಇಲ್ಲವಲ್ಲ, ತೆಗೆದುಹಾಕುತ್ತದೆ. 0456 ಅಂತ ಶುರುವಾಗುವ ಹನ್ನೆರಡು ಅಂಕಿಯ ಖಾತೆ 456 ಅಂತ ಶುರುವಾಗುವ ಹನ್ನೊಂದು ಅಂಕಿಯದ್ದಾಗುತ್ತದೆ. ನೋಡಲು ಮಾತ್ರ ಹಾಗಿದ್ದರೆ ತೊಂದರೆ ಇರಲಿಲ್ಲ. ಸೇವ್ ಒತ್ತಿದ ಕೂಡಲೇ ಫೈಲಿನಲ್ಲೂ ಹಾಗೇ ಉಳಿಯುತ್ತದೆ. ಹದಿನೈದಕ್ಕಿಂತ ಹೆಚ್ಚು ಅಂಕಿ ಇದ್ದರಂತೂ ಇನ್ನೂ ಕೆಟ್ಟದ್ದು, ಹದಿನೈದರ ಆಚೆಗಿನ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಮೋಸ ಏನಂದರೆ, ಇಷ್ಟೆಲ್ಲ ಆದರೂ ಜನರ ಸಂಖ್ಯೆ ಬದಲಾಗುವುದಿಲ್ಲ, ಒಟ್ಟು ಮೊತ್ತ ಬದಲಾಗುವುದಿಲ್ಲ. ನಾವು ತಾಳೆ ನೋಡುತ್ತಿದ್ದದ್ದು ಅವೆರಡನ್ನೇ.

ಮೂವತ್ತೆಂಟು ಜನರ ಸಂಬಳ ವಾಪಸ್ ಬಂತು. ಗೌರಿ ಹಬ್ಬದ ಬೆಳಿಗ್ಗೆ ಫೋನುಗಳು ಶುರುವಾದವು. "ಮೇಡಂ, ಊರಿಗೆ ಹೊರಟಿದೀನಿ, ಮೆಜೆಸ್ಟಿಕ್‌ನಲ್ಲಿದೀನಿ, ಸಂಬಳ ಬಂದಿಲ್ವಲ್ಲ" ಅಂತ ಗೋದಾಮಿನ ಒಬ್ಬರು ಮಾಡಿದ ಫೋನ್ ಇವತ್ತಿಗೂ ಕಿವಿಯಲ್ಲಿದೆ. ಪಟ್ಟಿ ತೆಗೆದು ನೋಡಿದಾಗ ಮೂವತ್ತೆಂಟೂ ಸೊನ್ನೆಯಿಂದ ಶುರುವಾಗುವ ಖಾತೆಗಳು. ನೋಡಿದ ಕ್ಷಣದಲ್ಲೇ ನನಗೆ ಎಲ್ಲ ಹೊಳೆಯಿತು. ಫೈಲ್ ಹೊಸದಾಗಿ ತೆಗೆದು, ಯಾವುದರಲ್ಲೂ ತೆರೆಯದೆ, ನೇರ ಪೋರ್ಟಲ್‌ಗೆ ಹಾಕಿ, ಸಂಜೆಯ ಹೊತ್ತಿಗೆ ಎಲ್ಲರಿಗೂ ಹಣ ಹೋಯಿತು.

ಹಬ್ಬ ಮುಗಿದ ಮೇಲೆ ಮೀಟಿಂಗ್. ಅಪ್‌ಲೋಡ್ ಮಾಡಿದ್ದು ಯಾರು ಅಂತ ಕೇಳಿದರು. ಪೋರ್ಟಲ್‌ನಲ್ಲಿ ಮೇಕರ್ ಅಂತ ಇದ್ದದ್ದು ಆ ಹುಡುಗನ ಹೆಸರು. "ನಾನೇ ಸರ್, ಇನ್ನು ಮೇಲೆ ನೋಡಿಕೊಂಡು ಹಾಕ್ತೀನಿ" ಅಂದ. ನಾನು ಪಕ್ಕದಲ್ಲೇ ಕೂತಿದ್ದೆ. ಅಪ್ರೈಸಲ್ ಹತ್ತಿರವಿತ್ತು, ಮನೆ ಸಾಲ ಆಗತಾನೇ ಮಂಜೂರಾಗಿತ್ತು. ಬಾಯಿ ತೆರೆಯಲಿಲ್ಲ. ಆ ವರ್ಷ ಅವನ ರೇಟಿಂಗ್ ಒಂದು ಮೆಟ್ಟಿಲು ಕೆಳಗೆ ಬಂತು. ಅದಕ್ಕೆ ಇದೊಂದೇ ಕಾರಣವೋ ಅಲ್ಲವೋ, ಕೇಳುವ ಧೈರ್ಯವೂ ಆಗಲಿಲ್ಲ.

ನಾನು ಮಾಡಿದ್ದು ಒಂದೇ. ಶೀಟಿನಲ್ಲಿ ಒಂದು ಚೆಕ್ ಸೇರಿಸಿದೆ. ಪ್ರತಿಯೊಬ್ಬರ ಖಾತೆ ನಂಬರಿನಲ್ಲಿ ಎಷ್ಟು ಅಂಕಿ ಇದೆ ಅಂತ ಎಣಿಸಿ, ಮಾಸ್ಟರ್ ಪಟ್ಟಿಯ ಜೊತೆ ಹೋಲಿಸುತ್ತದೆ.

```
=LEN(B2)=LEN(Master!B2)
```

ಎರಡೂ ಕಡೆ ಸಾಲುಗಳು ಒಂದೇ ಕ್ರಮದಲ್ಲಿರಬೇಕು. ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆಯದೆ, ಡೇಟಾ ಮೆನುವಿನಿಂದ ತಂದುಕೊಂಡು, ಖಾತೆ ನಂಬರಿನ ಕಾಲಂ ಅನ್ನು ಟೆಕ್ಸ್ಟ್ ಅಂತ ಗುರುತು ಮಾಡಿರಬೇಕು. ಒಂದು ಸಾಲಿನಲ್ಲಿ FALSE ಬಂದರೂ ಫೈಲ್ ಮುಂದೆ ಹೋಗುವುದಿಲ್ಲ. ಮೂರು ವರ್ಷ ಅದು ಪ್ರತಿ ತಿಂಗಳೂ ಓಡಿತು. ಯಾಕೆ ಅಲ್ಲಿದೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದನ್ನೆಲ್ಲ ಸರ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ನಾನೂ ಟೋಟಲ್ ನೋಡಿ ಒಪ್ಪಿದ್ದೆ. ನನಗೂ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲ ನೋಡು," ಅಂದರು. ಆಮೇಲೆ, "ಮೇಲ್‌ನಲ್ಲಿ ಬರೆದು ಹಗುರ ಆಗೋಕೆ ಹೋಗಬೇಡ. ಮೊದಲು ಅವನ ಹತ್ತಿರ ಮಾತಾಡು, ಆಮೇಲೆ ಮೇಡಂ ಹತ್ತಿರ. ಎಲ್ಲರೂ ಒಟ್ಟಿಗೆ ಓದೋ ಜಾಗದಲ್ಲಿ ಅವರಿಬ್ಬರಿಗೆ ಗೊತ್ತಾಗಬಾರದು."

ಗುರುವಾರ ಸಂಜೆ ಕೆಳಗಿನ ದರ್ಶಿನಿಯಲ್ಲಿ ಆ ಹುಡುಗನಿಗೆ ಕಾಫಿ ಕೊಡಿಸಿದೆ. ಈಗ ಹುಡುಗ ಅನ್ನುವ ಹಾಗಿಲ್ಲ, ಮದುವೆಯಾಗಿದೆ. ಆಫೀಸಿನಲ್ಲಿ ಮೇಡಂ, ಕಾಫಿಗೆ ಬಂದರೆ ಅಕ್ಕ. ನಿಂತ ಟೇಬಲ್ ಹತ್ತಿರ ಲೋಟ ಇಟ್ಟು, ಪೀಠಿಕೆ ಹಾಕದೆ ಹೇಳಿಬಿಟ್ಟೆ.

"ಗೊತ್ತಿತ್ತು ಅಕ್ಕ," ಅಂದ.

ಡ್ರೈವ್‌ನಲ್ಲಿ ಫೈಲಿನ ವರ್ಷನ್ ಹಿಸ್ಟರಿ ನೋಡಿದ್ದನಂತೆ. ಸಾಫ್ಟ್‌ವೇರಿನಿಂದ ಬಂದದ್ದು ಎಷ್ಟು ಗಂಟೆಗೆ, ಆಮೇಲೆ ಯಾರು ಸೇವ್ ಮಾಡಿದ್ದು ಅಂತ ಎರಡು ಸಾಲು. ಎರಡನೆಯದರಲ್ಲಿ ನನ್ನ ಹೆಸರು. ಮೀಟಿಂಗ್ ಆದ ಮಾರನೇ ದಿನವೇ ನೋಡಿದ್ದನಂತೆ.

"ಯಾಕೋ ಹೇಳಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ. ಆರು ತಿಂಗಳು ಬೇಜಾರಿತ್ತು. ಆಮೇಲೆ ನೀವು ಆ ಚೆಕ್ ಹಾಕಿದ್ದು ನೋಡಿದೆ. ಹೋಗ್ಲಿ ಅಂದ್ಕೊಂಡೆ. ಪೂರ್ತಿ ಹೋಗಿರಲಿಲ್ಲ ಬಿಡಿ."

ನಾಳೆ ಮೇಲ್‌ನಲ್ಲಿ ಎಲ್ಲರ ಎದುರು ಕ್ಷಮೆ ಕೇಳಲಾ ಅಂದೆ. ಬೇಡ ಅಂದ. ಎಲ್ಲರೂ ಬಂದು ಪಾಪ ಅಂತ ಭುಜ ತಟ್ಟುತ್ತಾರೆ, ಅದು ಇನ್ನೂ ಕಷ್ಟ. "ಆ ಚೆಕ್ ಯಾಕೆ ಬಂತು ಅಂತ ಬರೀರಿ ಅಕ್ಕ. ಹ್ಯಾಂಡೋವರ್‌ನಲ್ಲಿ ಅದು ಇಲ್ಲ. ಮುಂದೆ ಬರೋರು ಏನೋ ಹಳೇ ಫಾರ್ಮುಲಾ ಅಂತ ಡಿಲೀಟ್ ಮಾಡ್ತಾರೆ. ಬರೆದ್ರೆ ಅದರಲ್ಲೇ ನಂದೂ ಬಂದ್ಹೋಯ್ತು."

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಮ್ಯಾನೇಜರ್ ಮೇಡಂ ಹತ್ತಿರ ಹೋದೆ. ಅವರು ಖುಷಿಪಡಲಿಲ್ಲ. "ಆಗಲೇ ಹೇಳಿದ್ದಿದ್ದರೆ ರೇಟಿಂಗ್ ವಿಷಯ ನೋಡಬಹುದಿತ್ತು, ಈಗ ಹಳೇ ವರ್ಷದ್ದು ತಿದ್ದೋಕಾಗಲ್ಲ" ಅಂದರು. ಅದು ನಿಜ, ನಾನು ಕೇಳಿಸಿಕೊಂಡೆ. ಈ ವರ್ಷ ಅವನ ಪ್ರಮೋಷನ್ ಮಾತು ಬಂದಾಗ ಇದನ್ನು ಬರೆದಿಟ್ಟಿರುತ್ತೇನೆ ಅಂದರು. ಮೇಲ್‌ನಲ್ಲಿ ಹಾಕಬಹುದಾ ಅಂದರೆ, ಟೀಮಿಗೆ ಮಾತ್ರ ಹೋಗುವುದಾದರೆ ಹಾಕು ಅಂದರು.

ಹಾಗಾಗಿ ಮೇಲ್ ಎರಡಾಯಿತು. ಪೇರೋಲ್‌ನವರಿಗೆ ಇದೊಂದು ವಿಚಿತ್ರ ಕಷ್ಟ: ಕಂಪನಿಯ ಆರುನೂರು ಜನಕ್ಕೂ ನಿಮ್ಮ ಹೆಸರು ಗೊತ್ತು, ಆದರೆ ನೆನಪಾಗುವುದು ದುಡ್ಡು ಕಡಿಮೆ ಬಂದಾಗ ಮಾತ್ರ. ಎಲ್ಲರಿಗೂ ನನ್ನ ಸ್ವಂತ ನಂಬರ್ ಕೊಟ್ಟು ಹೋದರೆ ಮುಂದಿನ ಮೂರು ತಿಂಗಳು ಪಿಎಫ್ ಟ್ರಾನ್ಸ್‌ಫರ್ ಪ್ರಶ್ನೆಗಳು ಬರುತ್ತವೆ, ಉತ್ತರ ಹೇಳುವ ಅಧಿಕಾರ ನನಗೆ ಇರುವುದಿಲ್ಲ. ದೊಡ್ಡ ಪಟ್ಟಿಗೆ ನಾಲ್ಕು ಸಾಲು ಬರೆದೆ: ಇವತ್ತು ನನ್ನ ಕೊನೇ ದಿನ, ಸಂಬಳದ ಪ್ರಶ್ನೆಗಳಿಗೆ ಟೀಮಿನ ಕಾಮನ್ ಮೇಲ್‌ಬಾಕ್ಸಿಗೇ ಬರೆಯಿರಿ, ಇಷ್ಟು ವರ್ಷ ಬಿಲ್ಲುಗಳನ್ನು ಸರಿಯಾದ ತಾರೀಕಿಗೆ ಕೊಟ್ಟವರಿಗೂ ಕೊಡದವರಿಗೂ ಧನ್ಯವಾದ.

ಟೀಮಿನ ಮೇಲ್ ಇಂಗ್ಲಿಷಿನಲ್ಲೇ ಹೋಯಿತು, ನಮ್ಮಲ್ಲಿ ಒಬ್ಬರು ಕೊಯಮತ್ತೂರಿನವರು. ಹೆಸರು ಬಿಟ್ಟು ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

"ಎಲ್ಲರಿಗೂ ನಮಸ್ಕಾರ. ಇವತ್ತು ಇಲ್ಲಿ ನನ್ನ ಕೊನೇ ಕೆಲಸದ ದಿನ. ಆರು ವರ್ಷದಲ್ಲಿ ಎಪ್ಪತ್ತೆರಡು ಸಂಬಳ ಹಾಕಿದ್ದೇವೆ. ಲಾಕ್‌ಡೌನ್‌ನಲ್ಲಿ ನಾಲ್ಕು ಮನೆಗಳಿಂದ ಹಾಕಿದ ಮೊದಲ ಸಂಬಳ ನನಗೆ ಮರೆಯುವುದಿಲ್ಲ. ಆವತ್ತು ಇಂಟರ್‌ನೆಟ್ ಇದ್ದದ್ದು ನಿಮ್ಮ ಮನೆಯಲ್ಲಿ ಮಾತ್ರ, ರಾತ್ರಿ ಹನ್ನೊಂದರವರೆಗೆ ಎಲ್ಲರ ಕೆಲಸವನ್ನೂ ನೀವೊಬ್ಬರೇ ಅಪ್‌ಲೋಡ್ ಮಾಡಿದಿರಿ. ಟಿಡಿಎಸ್ ಅಂದರೆ ಹೆದರುತ್ತಿದ್ದ ನನಗೆ ಪಕ್ಕದಲ್ಲಿ ಕೂರಿಸಿಕೊಂಡು ಇಡೀ ಒಂದು ಮಾರ್ಚ್ ಕಲಿಸಿದ್ದಕ್ಕೆ ನಿಮಗೆ ಧನ್ಯವಾದ, ಮೇಡಂ.

ಹ್ಯಾಂಡೋವರ್ ಫೈಲ್ ಡ್ರೈವ್‌ನಲ್ಲಿದೆ. ಇವತ್ತು ಬೆಳಿಗ್ಗೆ ಒಂದು ಅಂಶ ಸೇರಿಸಿದ್ದೇನೆ, ದಯವಿಟ್ಟು ಓದಿ. ಬ್ಯಾಂಕ್ ಫೈಲಿನಲ್ಲಿ ಖಾತೆ ನಂಬರಿನ ಅಂಕಿ ಎಣಿಸುವ ಚೆಕ್ ಇದೆಯಲ್ಲ, ಅದನ್ನು ತೆಗೆಯಬೇಡಿ. 2022ರ ಆಗಸ್ಟಿನಲ್ಲಿ ನಾನು ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದರಿಂದ ಮೂವತ್ತೆಂಟು ಜನರ ಸಂಬಳ ವಾಪಸ್ ಬಂತು. ಅಪ್‌ಲೋಡ್ ಮಾಡಿದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

ನನ್ನ ಪಿಎಫ್‌ನಲ್ಲಿ ಡೇಟ್ ಆಫ್ ಎಕ್ಸಿಟ್ ಹಾಕುವುದನ್ನು ಮರೆಯಬೇಡಿ. ಬೇರೆಯವರದ್ದು ನಾನು ಎಷ್ಟು ಸಲ ಮರೆತಿದ್ದೆ ಅಂತ ನಿಮಗೆ ಗೊತ್ತು. ನನ್ನ ನಂಬರ್ ಕೆಳಗಿದೆ, ಕಾಫಿಗೆ ಯಾವಾಗ ಬೇಕಾದರೂ ಕರೆಯಿರಿ."

ಅಷ್ಟೇ. ಮನೆ, ಕುಟುಂಬ, ಹೃದಯ ಯಾವುದೂ ಇಲ್ಲ. ಹೊಸ ಕಂಪನಿಯ ಹೆಸರೂ ಇಲ್ಲ, ಅದು ಕೇಳಿದವರಿಗೆ ಹೇಳಿದರಾಯಿತು. ಎರಡನೇ ಪ್ಯಾರಾದ ಕೊನೇ ಸಾಲು ಬರೆಯಲು ಮೂರು ವರ್ಷ ಬೇಕಾಯಿತಾ ಅಂತ ನನಗೇ ನಾಚಿಕೆಯಾಯಿತು.

ಹನ್ನೆರಡೂವರೆಗೆ ಕಳಿಸಿದೆ. ಸಂಜೆಗೆ ಅಂತ ಇಟ್ಟುಕೊಳ್ಳಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಹಿಂದಿನ ವರ್ಷ ನಮ್ಮ ಸಪೋರ್ಟ್ ಟೀಮಿನ ಒಬ್ಬರು ಆರು ಗಂಟೆಗೆ ಹೋಗುವ ಹಾಗೆ ಶೆಡ್ಯೂಲ್ ಮಾಡಿಟ್ಟು, ಐದೂವರೆಗೆ ಅವರ ಅಕೌಂಟ್ ಬಂದ್ ಆಗಿ, ಆ ಮೇಲ್ ಯಾರಿಗೂ ತಲುಪಲೇ ಇಲ್ಲ. ಹೇಳದೆ ಹೋದ ಅಂತ ಎಷ್ಟೋ ಜನ ಬೇಜಾರು ಮಾಡಿಕೊಂಡಿದ್ದರು. ಊಟದ ಹೊತ್ತಿಗೆ ಮುಂಚೆ ಕಳಿಸಿದರೆ ಇನ್ನೊಂದು ಲಾಭ, ಉತ್ತರ ಬರೆಯುವ ಬದಲು ಜನ ಎದ್ದು ಸೀಟಿನ ಹತ್ತಿರ ಬರುತ್ತಾರೆ. ಪ್ರಮೋಷನ್ ಸಿಕ್ಕಿದ್ದ ಎದುರು ಸೀಟಿನವರು ಬಂದರು. "ನಿಮ್ಮ ಥರ ನಾನು ಬರೀತಿರಲಿಲ್ಲ" ಅಂದರು. ಹೊಗಳಿಕೆಯೋ ಅಲ್ಲವೋ ಗೊತ್ತಾಗಲಿಲ್ಲ, ನಾನೂ ಕೇಳಲಿಲ್ಲ.

ಮೂರು ಗಂಟೆಗೆ ನೆನಪಾಯಿತು: ದಿನಾ ಬೆಳಿಗ್ಗೆ ನನ್ನ ಟೇಬಲ್ ಒರೆಸುವ ಅಮ್ಮನಿಗೆ, ಗೇಟಿನ ಸೆಕ್ಯುರಿಟಿಯವರಿಗೆ ಆಫೀಸ್ ಮೇಲ್ ಐಡಿಯೇ ಇಲ್ಲ. ಎಷ್ಟು ಚಂದ ಬರೆದರೂ ಅವರಿಗೆ ಅದು ಹೋಗುವುದಿಲ್ಲ. ಪ್ಯಾಂಟ್ರಿಗೆ ಹೋಗಿ ಹೇಳಿದೆ. "ಅಯ್ಯೋ, ಸೋಮವಾರದಿಂದ ಬರಲ್ವಾ? ಆ ಕರಿಬೇವಿನ ಗಿಡ ಯಾರಿಗೆ?" ಅಂದರು ಅಮ್ಮ. ಕಿಟಕಿ ಹತ್ತಿರ ನಾನು ಇಟ್ಟಿದ್ದ ಕುಂಡ ಅದು. ನೀವೇ ಇಟ್ಕೊಳ್ಳಿ ಅಂದೆ. ಹ್ಯಾಂಡೋವರ್ ಫೈಲಿನಲ್ಲಿ ಅದೊಂದು ಬಿಟ್ಟುಹೋಗಿತ್ತು.

ನಾಲ್ಕಕ್ಕೆ ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್ ಕೊಟ್ಟೆ. ಕಾರ್ಡ್ ಇಲ್ಲದೆ ಲಿಫ್ಟಿನ ಬಾಗಿಲು ತೆರೆಯುವುದಿಲ್ಲ, ಹುಡುಗನೇ ಕೆಳಗಿನವರೆಗೆ ಬಂದು ಬಿಟ್ಟ. ಹೆಚ್ಚು ಮಾತಾಡಲಿಲ್ಲ. ಹ್ಯಾಂಡೋವರ್ ಫೈಲಿನಲ್ಲಿ ಟೆಕ್ಸ್ಟ್ ಕಾಲಂ ವಿಷಯ ಇನ್ನೂ ಸ್ವಲ್ಪ ಬಿಡಿಸಿ ಬರೆಯಬಹುದಿತ್ತು, ನಾನು ಸೇರಿಸುತ್ತೇನೆ ಅಂದ. ಸೇರಿಸು ಅಂದೆ.

ಜೂನ್ 30, ಸೋಮವಾರ, ಹೊಸ ಆಫೀಸಿನಲ್ಲಿ ಕೂತಿದ್ದೆ. ಮಧ್ಯಾಹ್ನ ಫೋನ್‌ಗೆ ಅವನ ವಾಟ್ಸಾಪ್ ಬಂತು: "ಅಕ್ಕ, ಎಣಿಕೆ ಚೆಕ್‌ನಲ್ಲಿ ಎರಡು FALSE ಬಂತು. ಹೊಸಬರ ಖಾತೆ, ಮಾಸ್ಟರ್‌ನಲ್ಲೇ ತಪ್ಪಿತ್ತು. ಸರಿ ಮಾಡಿ ಕಳಿಸಿದೀನಿ. ಎಲ್ಲರಿಗೂ ಸಂಬಳ ಹೋಯ್ತು."